ಬಸುರಿಯ ವಾಂತಿ: ಮೊದಲು ಬಿ1, ಆಮೇಲೆ ಗ್ಲೂಕೋಸ್

ಬಸುರಿಗೆ ವಾಂತಿ ನಿಲ್ಲದಿದ್ದರೆ ನಮ್ಮ ಗಂಗಾವತಿ, ಸಿಂಧನೂರು ಕಡೆ ಮೊದಲು ದೃಷ್ಟಿ ತೆಗೆಯುತ್ತಾರೆ. ಆಮೇಲೆ ಆಸ್ಪತ್ರೆಗೆ ಹೋಗಿ, "ಒಂದು ಗ್ಲೂಕೋಸ್ ಬಾಟ್ಲಿ ಹಾಕ್ರಿ" ಅಂತ ಕೇಳುತ್ತಾರೆ. ದೃಷ್ಟಿ ತೆಗೆದರೆ ಹೊತ್ತು ಹಾಳಾಗುತ್ತೆ. ಆದರೆ ವಾರಗಟ್ಟಲೆ ಊಟ ನಿಲ್ಲದವಳಿಗೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೇ ಪೆಟ್ಟು ಬೀಳಬಹುದು.

ಮಾಮೂಲಿ ಬಯಕೆ ಸಂಕಟ ಎರಡನೇ ತಿಂಗಳಲ್ಲಿ ಶುರುವಾಗಿ ಸಾಮಾನ್ಯವಾಗಿ ಐದನೇ ತಿಂಗಳೊಳಗೆ ಇಳಿಯುತ್ತೆ, ತಿಂದದ್ದು ಒಂದಿಷ್ಟಾದರೂ ಒಳಗೆ ನಿಲ್ಲುತ್ತೆ. ಹೈಪರೆಮೆಸಿಸ್ ಗ್ರಾವಿಡಾರಮ್, ಅಂದರೆ ಬಸುರಿಯ ವಿಪರೀತ ವಾಂತಿಯ ಕಾಯಿಲೆಯಲ್ಲಿ, ನೀರೂ ನಿಲ್ಲಲ್ಲ. ಬಸಿರಿಗೆ ಮುಂಚೆ 50 ಕೆಜಿ ಇದ್ದ ಹುಡುಗಿ ಹತ್ತನೇ ವಾರಕ್ಕೆ 46.5 ಕೆಜಿ ಆಗಿದ್ದಾಳೆ ಅನ್ನಿ. ತೂಕ ನೂರಕ್ಕೆ ಏಳರಷ್ಟು ಇಳಿದಿದೆ, ಐದು ದಾಟಿದರೇ ವೈದ್ಯರು ಎಚ್ಚರವಾಗುತ್ತಾರೆ. ನಾಲಿಗೆ ಒಣಗಿದೆ, ಮೂತ್ರ ದಿನಕ್ಕೆ ಎರಡೇ ಸಲ, ಅದೂ ಕಡು ಹಳದಿ. ಮೂರು ವಾರದಿಂದ ಊಟ ಅನ್ನೋದೇ ಇಲ್ಲ.

ಇಲ್ಲೇ ಅಪಾಯ ಇರೋದು. ನಮ್ಮ ದೇಹದಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್, ಎರಡು ಮೂರು ವಾರಕ್ಕಾಗುವಷ್ಟೇ ಉಳಿತಾಯ ಇರುತ್ತೆ. ಪಾಲಿಶ್ ಮಾಡಿದ ಸೋನಾ ಮಸೂರಿಯನ್ನೇ ಉಣ್ಣುವವರಿಗೆ ಮೊದಲೇ ಅದು ಕಡಿಮೆ. ಗ್ಲೂಕೋಸ್‌ನಿಂದ ಶಕ್ತಿ ತೆಗೆಯೋಕೆ ಜೀವಕೋಶಕ್ಕೆ ಬಿ1 ಬೇಕೇ ಬೇಕು. ಮಿಲ್ಲಿಗೆ ಲೋಡುಗಟ್ಟಲೆ ಭತ್ತ ಬಂದರೂ ಮಷಿನ್ನಿಗೆ ಬೆಲ್ಟೇ ಇಲ್ಲದಿದ್ದರೆ ಅಕ್ಕಿ ಎಲ್ಲಿಂದ ಬರಬೇಕು? ಏರಿಸಿದ ಗ್ಲೂಕೋಸ್ ಉಳಿದ ಚೂರುಪಾರು ಬಿ1 ಅನ್ನೂ ಖಾಲಿ ಮಾಡುತ್ತೆ, ಮಿದುಳಿನ ಕೆಲವು ಭಾಗ ಹಸಿದು ಕೆಡುತ್ತವೆ. ಜರ್ಮನಿಯ ವೈದ್ಯ ಕಾರ್ಲ್ ವೆರ್ನಿಕೆ 1881ರಲ್ಲಿ ಈ ಕಾಯಿಲೆಯನ್ನು ಬರೆದಿಟ್ಟ. ಅವನ ಮೂವರು ರೋಗಿಗಳಲ್ಲಿ ಇಬ್ಬರು ಕುಡುಕರು. ಇನ್ನೊಬ್ಬಳು ಗಂಧಕಾಮ್ಲ ನುಂಗಿ, ವಾಂತಿ ನಿಲ್ಲದೆ ನರಳಿದ ಎಳೆ ವಯಸ್ಸಿನ ದರ್ಜಿ ಹೆಂಗಸು. ಕುಡಿತದ ಕಾಯಿಲೆ ಅಂತಲೇ ಇದನ್ನು ನೆನಪಿಟ್ಟುಕೊಳ್ಳೋದರಿಂದ ಬಸುರಿಯಲ್ಲಿ ಯಾರಿಗೂ ಹೊಳೆಯೋದಿಲ್ಲ.

ಹಾಗಾಗಿ ಆ ಹುಡುಗಿಗೆ ಮೊದಲು ಏರಿಸಬೇಕಾದದ್ದು ಉಪ್ಪಿನ ದ್ರಾವಣ, ನಾರ್ಮಲ್ ಸಲೈನ್. ರಕ್ತದ ರಿಪೋರ್ಟಿನಲ್ಲಿ ಪೊಟ್ಯಾಸಿಯಂ ಇಳಿದಿದ್ದರೆ ಅದನ್ನೂ ಸೇರಿಸುತ್ತಾರೆ, ಇಲ್ಲದಿದ್ದರೆ ಹೃದಯದ ಬಡಿತ ತಪ್ಪುತ್ತೆ. ಜೊತೆಗೇ ನರಕ್ಕೆ ಬಿ1, ಸಾಮಾನ್ಯವಾಗಿ 100 ಮಿಲಿಗ್ರಾಂ. ಗ್ಲೂಕೋಸ್ ಬೇಕೇ ಆದರೆ ಅದಾದ ಮೇಲೆ.

ವಾಂತಿಯ ಮದ್ದೂ ಮೆಟ್ಟಿಲು ಮೆಟ್ಟಿಲಾಗಿ ಏರುತ್ತೆ. ಮೊದಲು ಡಾಕ್ಸಿಲಮಿನ್ ಮತ್ತು ಬಿ6 ಸೇರಿದ ಮಾತ್ರೆ. ನಿಲ್ಲದಿದ್ದರೆ ಪ್ರೊಮೆಥಜಿನ್ ಅಥವಾ ಮೆಟೊಕ್ಲೋಪ್ರಮೈಡ್, ಆಮೇಲೆ ಒಂಡಾನ್‌ಸೆಟ್ರಾನ್. ಇದು ಚೆನ್ನಾಗಿ ಕೆಲಸ ಮಾಡುತ್ತೆ, ಆದರೆ ಮಲಬದ್ಧತೆ ತರುತ್ತೆ, ಪೊಟ್ಯಾಸಿಯಂ ಕಡಿಮೆ ಇದ್ದವರಲ್ಲಿ ಹೃದಯದ ಮೇಲೂ ಕಣ್ಣಿಡಬೇಕು. ಸ್ಟೀರಾಯ್ಡ್ ಕೊನೆಯ ಮೆಟ್ಟಿಲು. ಮಾತ್ರೆ ನುಂಗಿದ ಕೂಡಲೇ ಹೊರಗೆ ಬರುತ್ತಿದ್ದರೆ ಇಂಜೆಕ್ಷನ್ನೇ ಬೇಕು, ಅದೇ ಮಾತ್ರೆ ಮತ್ತೆ ಮತ್ತೆ ಕೊಟ್ಟು ದಿನ ಕಳೆಯಬಾರದು.

ಮಿದುಳಿಗೆ ಪೆಟ್ಟು ಬೀಳುತ್ತಿದೆಯಾ ಅಂತ ತಿಳಿಯೋಕೆ ಮನೆಯವರು ನೋಡಬೇಕಾದದ್ದು ಮೂರು: ಒಂದು ವಸ್ತು ಎರಡಾಗಿ ಕಾಣೋದು ಅಥವಾ ಕಣ್ಣುಗುಡ್ಡೆ ಅದುರೋದು, ನಡೆಯುವಾಗ ಓಲಾಡೋದು, ಮಾತು ತಾಳೆಯಾಗದಿರೋದು. ಎಷ್ಟೋ ಸಲ ಮೂರೂ ಒಟ್ಟಿಗೆ ಬರಲ್ಲ, ಒಂದು ಕಂಡರೂ ಸಾಕು. ಆಗ ಬಿ1 100 ಮಿಲಿಗ್ರಾಂ ಸಾಲದು, ಹೆಚ್ಚಿನ ಡೋಸನ್ನು ದಿನಕ್ಕೆ ಹಲವು ಸಲ ನರಕ್ಕೇ ಕೊಡಬೇಕು. ಅದಕ್ಕೆ ಸ್ಕ್ಯಾನ್ ರಿಪೋರ್ಟ್ ಬರಲಿ ಅಂತ ಕಾಯುವಂತಿಲ್ಲ.