ಮಾರ್ಕ್ಸ್ ಇಳೀತಿದೆ, ಆದ್ರೆ ಹುಡುಗಿ ಹಿಂದೆ ಬಿದ್ದಿಲ್ಲ

ಮಂಡ್ಯದಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತ ಟ್ಯೂಷನ್ ಮಾಡ್ತೀನಿ, ಪ್ರತಿ ಶನಿವಾರ 25 ಮಾರ್ಕ್ಸಿನ ಟೆಸ್ಟ್. ಆಲೆಮನೆ ನಡೆಸೋ ಒಬ್ಬರು ಫೋನ್ ಮಾಡಿ "ಮೇಷ್ಟ್ರೇ, ನಮ್ಮುಡ್ಗಿ ಮಾರ್ಕ್ಸು ಇಳೀತಾನೇ ಐತಲ್ಲ, ಮೊಬೈಲ್ ಕಿತ್ಕೊಂಡ್ಬಿಡ್ಲಾ?" ಅಂದ್ರು. ಆರು ವಾರದ ಮಾರ್ಕ್ಸ್ ಹೀಗಿತ್ತು: 16, 18, 17, 15, 15, 13. ಬರೀ ಇದನ್ನ ನೋಡಿದ್ರೆ ಯಾವ ಅಪ್ಪನಿಗಾದ್ರೂ ಗಾಬರಿಯಾಗುತ್ತೆ.

ಅವರಿಗೆ ಬರೆದು ಕಳಿಸಿದ ನೋಟ್‌ನಲ್ಲಿ ಇದರ ಕೆಳಗೇ ಇನ್ನೊಂದು ಸಾಲು ಹಾಕಿದೆ: 17, 17, 17, 13, 12, 9. ಬ್ಯಾಚಿನ 11 ಮಕ್ಕಳ ಮಾರ್ಕ್ಸನ್ನ ಕಮ್ಮಿಯಿಂದ ಜಾಸ್ತಿಗೆ ಸಾಲಾಗಿ ಬರೆದ್ರೆ ಸರಿಯಾಗಿ ಮಧ್ಯ ಬರೋದು ಆರನೇದು, ಅದು ಈ ಸಾಲು. ಸರಾಸರಿ ಯಾಕೆ ಹಾಕಲಿಲ್ಲ ಅಂದ್ರೆ ಚಿಕ್ಕ ಬ್ಯಾಚಲ್ಲಿ ಇಬ್ಬರು 24 ತಗೊಂಡ್ರೆ ಸರಾಸರಿ ಸುಮ್ಸುಮ್ನೆ ಮೇಲೆ ಹೋಗ್ಬಿಡುತ್ತೆ. ಮೊದಲ ಮೂರು ವಾರ ರೇಖಾತ್ಮಕ ಸಮೀಕರಣ, ಆಮೇಲೆ ತ್ರಿಭುಜ, ಪ್ರಮೇಯ ಶುರುವಾಯ್ತು ಅಂದ್ರೆ ಪೇಪರೇ ಕಷ್ಟ ಆಯ್ತು, ಎಲ್ಲರೂ ಇಳಿದ್ರು, ಈ ಹುಡುಗಿ ಕಮ್ಮಿ ಇಳಿದ್ಲು. ಮೊದಲ ವಾರ ಮಧ್ಯಕ್ಕಿಂತ 1 ಕೆಳಗಿದ್ದೋಳು ಕೊನೇ ವಾರ 4 ಮೇಲಿದ್ಲು.

ಒಂದು ಅನುಮಾನ ಇತ್ತು. ಕೊನೇ ವಾರ ಚೆನ್ನಾಗಿ ಓದೋ ಇಬ್ಬರು ಮದುವೆ ಅಂತ ರಜಾ, ಹಾಗಾಗಿ ಆ ವಾರ ಮಧ್ಯ ಬಂದದ್ದು 9 ಮಕ್ಕಳಲ್ಲಿ ಐದನೇದು, ಅಂಥೋರು ಬರದಿದ್ರೆ ಮಧ್ಯದ ಅಂಕ ತಾನಾಗೇ ಕೆಳಗೆ ಬರುತ್ತೆ. ಅವರಿಬ್ಬರನ್ನ ಎಲ್ಲಾ ವಾರದಿಂದ್ಲೂ ತೆಗೆದು ಮತ್ತೆ ಲೆಕ್ಕ ಹಾಕ್ದೆ, ಆಗ್ಲೂ ಹುಡುಗಿ ಮುಂದಕ್ಕೇ ಹೋಗ್ತಿದ್ಲು. ಅಂದಹಾಗೆ 15 ಇದ್ದದ್ದು 13 ಆದ್ರೆ ನಾನು ತಲೆ ಕೆಡಿಸ್ಕೊಳ್ಳಲ್ಲ, ಒಂದು 2 ಮಾರ್ಕ್ಸಿನ ಲೆಕ್ಕ ಬಿಟ್ರೆ ಅಷ್ಟು ಹೋಗುತ್ತೆ.

ಹಾಗಂತ ಎಲ್ಲಾ ಸರಿ ಇದೆ ಅಂತಲೂ ಬರೀಲಿಲ್ಲ, ಯಾಕಂದ್ರೆ ಬೋರ್ಡ್ ಪರೀಕ್ಷೇಲಿ ಪಕ್ಕದೋರಿಗಿಂತ ಜಾಸ್ತಿ ತಗೊಂಡೆ ಅಂತ ಮಾರ್ಕ್ಸ್ ಕೊಡಲ್ಲ. ಕಳ್ಕೊಂಡ 12 ಮಾರ್ಕ್ಸ್ ಎಲ್ಲಿ ಹೋಯ್ತು ಅಂತ ಪೇಪರ್ ತೆಗೆದು ನೋಡ್ದೆ. ಥೇಲ್ಸ್ ಪ್ರಮೇಯದ ಸಾಧನೆ ಸರಿಯಾಗಿ ಬರೆದಿದಾಳೆ, ಆದ್ರೆ ದತ್ತ, ಸಾಧನೀಯ, ರಚನೆ ಈ ಮೂರು ಸಾಲೇ ಇಲ್ಲ, ನಾನು ಹಂತ ಹಂತಕ್ಕೆ ಮಾರ್ಕ್ಸ್ ಕೊಡೋದು, ಹಾಗಾಗಿ 3 ಅಲ್ಲೇ ಹೋಯ್ತು. ಇನ್ನು 4 ಹೋಗಿದ್ದು ಅನುರೂಪ ಬಾಹು ಅದಲುಬದಲು ಮಾಡಿ: ABC, PQR ಸಮರೂಪ ಅಂತ ಕೊಟ್ಟಿದ್ರೆ AB/PQ = BC/QR ಬರೀಬೇಕು, ಇವಳು AB/QR ಅಂತ ಶುರು ಮಾಡಿದಾಳೆ. ಉಳಿದ 5 ಪ್ರಮೇಯ ಬಳಸಿ ಬಿಡಿಸೋ ಲೆಕ್ಕ, ಮುಟ್ಟೇ ಇಲ್ಲ, ಖಾಲಿ ಬಿಟ್ಟಿದಾಳೆ. ಮೊದಲೆರಡು ಒಂದು ವಾರದಲ್ಲಿ ಸರಿ ಹೋಗೋವು, ನನಗೆ ಚಿಂತೆ ಇರೋದು ಆ ಖಾಲಿ ಜಾಗದ್ದು.

ಕೊನೇಲಿ ಬರೆದದ್ದಿಷ್ಟು: "ಮೊಬೈಲ್ ವಿಷಯ ನಿಮಗೆ ಬಿಟ್ಟದ್ದು ಸಾರ್, ಈ ಮಾರ್ಕ್ಸ್ ನೋಡಿ ಕಿತ್ಕೋಬೇಡಿ. ದಿನಾ ಅಂಥ ಎರಡು ಲೆಕ್ಕ ಕೊಡ್ತೀನಿ, ಬರದಿದ್ರೂ ಚಿತ್ರ ಬರೆದು ಕೊಟ್ಟಿರೋದನ್ನ ಗುರುತು ಹಾಕ್ಬೇಕು. ಎರಡು ವಾರ ಬಿಟ್ಟು ಇದೇ ಅಧ್ಯಾಯಕ್ಕೆ ಇಷ್ಟೇ ಕಷ್ಟದ ಪೇಪರ್ ಮತ್ತೆ ಕೊಡ್ತೀನಿ, ಆಗ್ಲೂ 13 ಬಂದ್ರೆ ಒಂದ್ಸಲ ಬನ್ನಿ, ಕೂತು ಮಾತಾಡೋಣ."