ಚೀಲದ ಬೆಲೆ ಭಾಗಿಸು ಮೂವತ್ತು ಅಲ್ಲ

ಜೂನ್‌ನಲ್ಲಿ ನನ್ನ ಕ್ಲಿನಿಕ್ಕಿಗೆ ಒಂದು ಲ್ಯಾಬ್ರಡಾರ್ ನಾಯಿ ಬಂದಿತ್ತು, ಹೆಸರು ಬ್ರೂನೊ ಅಂತಿಟ್ಟುಕೊಳ್ಳಿ. ಆರು ವರ್ಷ, ಬೀಜ ತೆಗೆಸಿದ್ದಾರೆ, ತೂಕ 32 ಕಿಲೋ. ಅದರ ಮೈಕಟ್ಟಿಗೆ 28 ಇದ್ದರೆ ಸಾಕು. ಪಕ್ಕೆಲುಬು ಕೈಗೆ ಸಿಗಲಿಲ್ಲ, ಒತ್ತಿ ಹುಡುಕಬೇಕಾಯಿತು. ಸಾಕಿದವರನ್ನು ಊಟದ ವಿಷಯ ಕೇಳಿದೆ.

"ತಿಂಗಳಿಗೆ ಒಂದು ಚೀಲ ನಾಯಿ ಕಾಳು ಡಾಕ್ಟ್ರೇ, ಹತ್ತು ಕಿಲೋದ್ದು. 2,800 ರೂಪಾಯಿ. ದಿನಕ್ಕೆ 93 ಬೀಳುತ್ತೆ."

ಲೆಕ್ಕ ಬಾಯಲ್ಲೇ ಇತ್ತು. ಆದರೆ ನಾಯಿಯ ಸೊಂಟ ಬೇರೆ ಲೆಕ್ಕ ಹೇಳುತ್ತಿತ್ತು. ಹತ್ತು ಕಿಲೋ ಮೂವತ್ತು ದಿನ ಬಂದರೆ ದಿನಕ್ಕೆ 333 ಗ್ರಾಂ, ಅಷ್ಟಕ್ಕೆ ನಾಯಿ ಇಷ್ಟು ಊದೋದು ಕಷ್ಟ. ಫೋನಿನಲ್ಲಿ ಅಂಗಡಿಗೆ ದುಡ್ಡು ಹಾಕಿದ ಮೆಸೇಜು ನೋಡಿ ಅಂದೆ. ಮೇ 3, ಮೇ 24, ಜೂನ್ 14. ಅಂದರೆ ಚೀಲ ಬಂದಿದ್ದು 21 ದಿನ. 2,800ನ್ನು 21ರಿಂದ ಭಾಗಿಸಿದರೆ 133 ರೂಪಾಯಿ. ತಿಂಗಳಿಗೊಂದು ಚೀಲ ಅನ್ನೋದು ಎಲ್ಲರ ಬಾಯಲ್ಲೂ ಬರುತ್ತದೆ, ಸುಳ್ಳು ಹೇಳುತ್ತಾರೆ ಅಂತಲ್ಲ, ಸಂಬಳ ತಿಂಗಳಿಗೊಮ್ಮೆ ಬರುತ್ತೆ ನೋಡಿ, ಖರ್ಚೆಲ್ಲ ಅದೇ ಲೆಕ್ಕಕ್ಕೆ ಕೂತುಬಿಡುತ್ತೆ.

ಹಾಗಾಗಿ ಮೊದಲ ಕೆಲಸ ಇಷ್ಟೇ. ಚೀಲ ಒಡೆದ ದಿನ ಅದರ ಮೇಲೆ ಮಾರ್ಕರಿನಲ್ಲಿ ತಾರೀಕು ಬರೆಯಿರಿ. ಖಾಲಿಯಾದ ದಿನ ಎಷ್ಟು ದಿನ ಬಂತು ನೋಡಿ, ಅದರಿಂದ ಬೆಲೆಯನ್ನು ಭಾಗಿಸಿ. ನಾಯಿ ತಿಂದಿದ್ದು, ಚೆಲ್ಲಿದ್ದು, ಇರುವೆ ಹತ್ತಿ ಎಸೆದದ್ದು ಎಲ್ಲಾ ಅದರಲ್ಲೇ ಸೇರಿರುತ್ತೆ.

ಮತ್ತೆ ಹೆಚ್ಚಿನ ಕಾಳು ಹೋಗಿದ್ದಾದರೂ ಎಲ್ಲಿ? ಹಾಕುತ್ತಿದ್ದದ್ದು ದಿನಕ್ಕೆ ನಾಲ್ಕು ಪಾವು, ಬೆಳಗ್ಗೆ ಎರಡು, ರಾತ್ರಿ ಎರಡು. ಮರುದಿನ ಆ ಪಾವನ್ನೇ ತರಿಸಿ ತೂಗಿದೆ. ಸಮ ಮಾಡಿ ತುಂಬಿದರೆ 95 ಗ್ರಾಂ. ಅವರು ತುಂಬುವ ಹಾಗೆ ಮೇಲೆ ರಾಶಿ ಮಾಡಿದರೆ 120. ನಾಲ್ಕು ಪಾವಿಗೆ ನೂರು ಗ್ರಾಂ ವ್ಯತ್ಯಾಸ! ಸಮ ಪಾವಿನಲ್ಲಿ ಹಾಕಿದ್ದರೆ ಚೀಲ 26 ದಿನ ಬರುತ್ತಿತ್ತು. ಅಕ್ಕಿ ಅಳೆಯೋ ಪಾವು ಕಾಳಿಗೆ ಹೊಂದೋದಿಲ್ಲ ಅಂತಲ್ಲ, ಒಂದು ಸಲ ತೂಗಿ ಒಳಗೆ ಗೆರೆ ಎಳೆದುಕೊಂಡರೆ ಅದೇ ಸಾಕು. ಕಂಪನಿ ಬದಲಾದರೆ ಮಾತ್ರ ಮತ್ತೆ ತೂಗಬೇಕು, ಕಾಳಿನ ಗಾತ್ರ ಬೇರೆ ಇರುತ್ತೆ.

ಇನ್ನು ಟ್ರೀಟು. "ಅದೆಲ್ಲ ಅಪರೂಪಕ್ಕೆ" ಅಂದರು. ಎಳೆದೆಳೆದು ಕೇಳಿದ ಮೇಲೆ ಬಂದದ್ದು ಹೀಗೆ. ಹಲ್ಲಿಗೆ ಅಂತ ಕೊಡೋ ಕಡ್ಡಿ, ಏಳರ ಪ್ಯಾಕೆಟ್ 210 ರೂಪಾಯಿ, ವಾರಕ್ಕೆ ಮೂರು, ದಿನಕ್ಕೆ 13 ಆಯಿತು. ಚಿಕನ್ ಜರ್ಕಿ 70 ಗ್ರಾಂ 120 ರೂಪಾಯಿ, ಹತ್ತು ದಿನ ಬರುತ್ತೆ, ದಿನಕ್ಕೆ 12. ಗ್ಲೂಕೋಸ್ ಬಿಸ್ಕತ್ತು ಹತ್ತು ರೂಪಾಯಿದು ಎರಡು ದಿನಕ್ಕೊಂದು, ದಿನಕ್ಕೆ 5. ಒಟ್ಟು 30. ಆ ಜರ್ಕಿಯ ಬೆಲೆ ಕಿಲೋಗೆ 1,700 ದಾಟುತ್ತೆ, ಚೀಲದ ಕಾಳು ಕಿಲೋಗೆ 280. ಪ್ಯಾಕೆಟ್ ಚಿಕ್ಕದು ಅಂತ ಯಾರೂ ಲೆಕ್ಕ ಹಾಕಲ್ಲ ಅಷ್ಟೆ.

ಅಜ್ಜಿ ದಿನಾ ಒಂದು ಚಪಾತಿ ಮುರಿದು ಹಾಕುತ್ತಾರೆ. ದುಡ್ಡಿನ ಲೆಕ್ಕದಲ್ಲಿ ಅದು ಸೊನ್ನೆ, ನಾಯಿಯ ಲೆಕ್ಕದಲ್ಲಿ ನೂರು ಕ್ಯಾಲೊರಿ ಹತ್ತಿರ.

ಅಲ್ಲಿಗೆ ದಿನಕ್ಕೆ 133 ಕೂಡಿಸು 30, ಅಂದರೆ 163 ರೂಪಾಯಿ. ಅವರು ಅಂದುಕೊಂಡಿದ್ದು 93.

ಈಗ ಉಲ್ಟಾ ಕಡೆಯಿಂದ ಬರೋಣ, ನಾಯಿಗೆ ನಿಜಕ್ಕೂ ಎಷ್ಟು ಬೇಕು ಅಂತ. ಇದಕ್ಕೆ ನಾವು ಬಳಸುವ ಸೂತ್ರ ಫೋನಿನ ಕ್ಯಾಲ್ಕುಲೇಟರಿನಲ್ಲೇ ಆಗುತ್ತೆ. ಇರಬೇಕಾದ ತೂಕವನ್ನು ಮೂರು ಸಲ ಗುಣಿಸಿ: 28×28×28. ಬಂದದ್ದಕ್ಕೆ ವರ್ಗಮೂಲದ ಗುಂಡಿ ಎರಡು ಸಲ ಒತ್ತಿ, 12.17 ಬರುತ್ತೆ. 70ರಿಂದ ಗುಣಿಸಿ, ಸುಮಾರು 850. ಇದು ಸುಮ್ನೆ ಮಲಗಿರೋದಕ್ಕೆ ಬೇಕಾದ ಕ್ಯಾಲೊರಿ. ಮನೆಯಲ್ಲಿ ಆರಾಮಾಗಿ ಇರೋ, ಬೀಜ ತೆಗೆಸಿದ ನಾಯಿಗೆ ಇದರ 1.4 ಪಟ್ಟು, ಅಂದರೆ 1,190. ಚೆನ್ನಾಗಿ ಓಡಾಡೋ ನಾಯಿಗೆ ಜಾಸ್ತಿ ಬೇಕು, ಮರಿಗಳಿಗೆ ಈ ಲೆಕ್ಕವೇ ಬೇರೆ. ಬ್ರೂನೊ ತಿನ್ನುತ್ತಿದ್ದದ್ದು ಎಲ್ಲಾ ಸೇರಿ 1,900ರ ಆಸುಪಾಸು.

ಇಳಿಸಬೇಕಲ್ಲ, ಅದಕ್ಕೆ ಸದ್ಯಕ್ಕೆ 1,000 ಅಂತ ಇಟ್ಟೆವು. ಟ್ರೀಟಿಗೆ ಹತ್ತನೇ ಒಂದು ಪಾಲು, ನೂರು ಕ್ಯಾಲೊರಿ, ಅದಕ್ಕಿಂತ ಜಾಸ್ತಿ ಬೇಡ. ಅದನ್ನು ಕಾಳಿನಲ್ಲಿ ಕಳೆಯಬೇಕು, ಮೇಲಿಂದ ಸೇರಿಸೋದಲ್ಲ. ಇಲ್ಲೇ ಬಹಳ ಜನ ತಪ್ಪೋದು. ಚೀಲದ ಹಿಂದಿನ ಪಟ್ಟಿ ನೋಡಿ ಕಾಳು ಪೂರ್ತಿ ಹಾಕಿ, ಆಮೇಲೆ ಟ್ರೀಟು ಬೇರೆ. ಆ ಪಟ್ಟಿ ಹೇಳೋದು ಟ್ರೀಟು ಇಲ್ಲದ ಲೆಕ್ಕ. ಉಳಿದ 900 ಕ್ಯಾಲೊರಿಗೆ ಅವರ ಚೀಲದ ಕಾಳು, ನೂರು ಗ್ರಾಂಗೆ 350 ಕ್ಯಾಲೊರಿಯದ್ದು, ಸುಮಾರು 260 ಗ್ರಾಂ. ಅಂದರೆ ದಿನಕ್ಕೆ 73 ರೂಪಾಯಿ. ಜರ್ಕಿ, ಬಿಸ್ಕತ್ತು ನಿಂತವು, ಹಲ್ಲಿನ ಕಡ್ಡಿ ಉಳಿಯಿತು, 13. ಬೇಡಿದಾಗ ಕೊಡೋಕೆ ಸೌತೆಕಾಯಿ ಚೂರು, ಅದಕ್ಕೊಂದು ನಾಲ್ಕು ರೂಪಾಯಿ ಇಡಿ. ಒಟ್ಟು 90. ಒಂದೇ ಸಲ ಇಳಿಸದೆ ಮೊದಲ ವಾರ 350 ಗ್ರಾಂ ಹಾಕಿಸಿದೆ. ತೂಕ 28ಕ್ಕೆ ಬಂದ ಮೇಲೆ ಕಾಳು 310 ಗ್ರಾಂಗೆ ಏರುತ್ತೆ, ಆಗ ನೂರ ನಾಲ್ಕು ರೂಪಾಯಿ ಆಗಬಹುದು.

"ಹಾಗಾದರೆ ಕಿಲೋಗೆ 250ರದ್ದು ತಗೊಂಡರೆ ಇನ್ನೂ ಉಳಿಯುತ್ತಲ್ಲ?" ಅಂತ ಕೇಳಿದರು. ಆ ಚೀಲದ ಫೋಟೊ ತೋರಿಸಿದರು, ಕ್ಯಾಲೊರಿ ಬರೆದೇ ಇರಲಿಲ್ಲ. ನೂರು ಗ್ರಾಂಗೆ ಪ್ರೋಟೀನ್ 20, ಕೊಬ್ಬು 8, ನಾರು 6, ತೇವ 12 ಅಂತಿತ್ತು. ಬೂದಿ, ಅಂದರೆ ಸುಟ್ಟ ಮೇಲೆ ಉಳಿಯೋ ಖನಿಜಾಂಶ, ಒಂದು 8 ಅಂತ ಹಿಡಿದರೆ ಉಳಿದ 46 ಪಿಷ್ಟ. ಪ್ರೋಟೀನ್ ಮತ್ತು ಪಿಷ್ಟಕ್ಕೆ ಗ್ರಾಂಗೆ 3.5 ಕ್ಯಾಲೊರಿ, ಕೊಬ್ಬಿಗೆ 8.5. ಕೂಡಿಸಿದರೆ ನೂರು ಗ್ರಾಂಗೆ 300 ಕ್ಯಾಲೊರಿ. ಅದೇ 900 ಕ್ಯಾಲೊರಿಗೆ 300 ಗ್ರಾಂ ಹಾಕಬೇಕು, 75 ರೂಪಾಯಿ. ಈಗಿನದಕ್ಕಿಂತ ಎರಡು ರೂಪಾಯಿ ಜಾಸ್ತಿಯೇ! ಕಿಲೋ ಬೆಲೆ ನೋಡಿ ಅಗ್ಗ ಅನ್ನಬಾರದು ಅನ್ನೋದು ಇದಕ್ಕೇ. ಹೊರಗೆ ಎತ್ತಬೇಕಾದ ಕಕ್ಕವೂ ಜಾಸ್ತಿ, ಅದು ಬೇರೆ ಮಾತು.

ದೊಡ್ಡ ಚೀಲದ ಉಳಿತಾಯ ಕೂಡ ನಾಯಿಯ ಗಾತ್ರದ ಮೇಲೆ ನಿಂತಿದೆ. ಆರು ಕಿಲೋದ ಪೊಮೆರೇನಿಯನ್ ದಿನಕ್ಕೆ ನೂರು ಗ್ರಾಂ ಚಿಲ್ಲರೆ ತಿನ್ನುತ್ತೆ, ಅದಕ್ಕೆ ಹತ್ತು ಕಿಲೋ ತಂದರೆ ಮೂರು ತಿಂಗಳು. ಒಡೆದ ಚೀಲ ಒಂದೂವರೆ ತಿಂಗಳ ಮೇಲೆ ಇಡಬಾರದು, ಅದೂ ನಮ್ಮ ಶಿವಮೊಗ್ಗದ ಮಳೆಗಾಲದಲ್ಲಿ. ಕೊಬ್ಬು ಕಮಟು ಹಿಡಿಯುತ್ತೆ, ಹಳೇ ಎಣ್ಣೆ ವಾಸನೆ ಬರುತ್ತೆ, ನಾಯಿ ಮೂಸಿ ಹೋಗುತ್ತೆ. ಕೊನೆಯ ಎರಡು ಕಿಲೋ ಎಸೆದರೆ ಕಿಲೋಗೆ 280 ಇದ್ದದ್ದು 350 ಆಯಿತು. ಸಣ್ಣ ನಾಯಿಗೆ ಮೂರು ಕಿಲೋದ ಚೀಲವೇ ಸರಿ.

ಬ್ರೂನೊ ಹದಿನೈದು ದಿನದ ಮೇಲೆ ತೂಕಕ್ಕೆ ಬಂತು, 31.4. ಚೀಲ ಇನ್ನೂ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಇದೆ ಅಂದರು. ಚಪಾತಿ ನಿಂತಿದೆಯಾ ಅಂತ ಕೇಳಿದೆ. ಗಂಡ ಹೂಂ ಅಂದರು, ಹೆಂಡತಿ ನಕ್ಕರು.