240ರ ಷೇರು 220 ಆದದ್ದು ಹೇಗೆ?

ಮಾಟುಂಗದ ನನ್ನ ಆಫೀಸಿಗೆ ಪ್ರತಿ ಜೂನ್‌ನಲ್ಲಿ ಡೊಂಬಿವಿಲಿಯಿಂದ ಒಬ್ಬ ಹಿರಿಯರು ಆದಾಯ ತೆರಿಗೆಯ ರಿಟರ್ನ್ ತುಂಬಿಸಲು ಬರುತ್ತಾರೆ. ಹೋಟೆಲಿನ ಗಲ್ಲೆಯಲ್ಲಿ ಮೂವತ್ತು ವರ್ಷ ಕೂತವರು. ನಮಗೆಲ್ಲ ಅವರು ಮಾಮ. ಒಂದು ವರ್ಷ ಅವರ ಷೇರುಗಳಿರುವ ಡಿಮ್ಯಾಟ್ ಖಾತೆಯ ಸ್ಟೇಟ್‌ಮೆಂಟ್ ನೋಡುತ್ತಿದ್ದಾಗ ಒಂದು ಸಾಲು ಕಣ್ಣಿಗೆ ಬಿತ್ತು. ಅವರ ಬಳಿ ಇದ್ದ ಕಂಪನಿಯದ್ದೇ ಹೆಸರು, ಕೊನೆಗೆ -RE ಅಂತ ಇತ್ತು. ಸಂಖ್ಯೆ 120. ಮುಂದಿನ ತಿಂಗಳ ಸ್ಟೇಟ್‌ಮೆಂಟಿನಲ್ಲಿ ಆ ಸಾಲು ಇರಲಿಲ್ಲ.

‘ಇದನ್ನು ಎಂತ ಮಾಡಿದ್ರಿ ಮಾಮ?’ ಎಂದು ಕೇಳಿದೆ.

‘ನಾನು ಎಂತದೂ ಮಾಡ್ಲಿಲ್ಲ ಮಾರಾಯ್ರೆ. ಅದು ತಾನಾಗಿ ಬಂತು, ತಾನಾಗಿ ಹೋಯ್ತು. ಕಂಪ್ಯೂಟರಿನ ತಪ್ಪು ಅಂತ ಮಾಡಿದೆ.’

ತಾನಾಗಿ ಹೋದದ್ದು ಸುಮಾರು ಐದೂವರೆ ಸಾವಿರ ರೂಪಾಯಿ. ಅದು ಹೇಗೆ ಅನ್ನುವುದನ್ನು ಅವರಿಗೆ ಹೇಳಿದ ರೀತಿಯಲ್ಲೇ ಇಲ್ಲಿ ಬರೆಯುತ್ತೇನೆ. ರೈಟ್ಸ್ ಇಶ್ಯೂ ಬಂದಾಗ ಇದೇ ಜಾಗದಲ್ಲಿ ತುಂಬಾ ಜನ ಎಡವುತ್ತಾರೆ.

ಕಂಪನಿಗೆ ಹೊಸ ಬಂಡವಾಳ ಬೇಕು. ಹೊರಗಿನವರನ್ನು ಕರೆಯುವ ಬದಲು ಈಗಾಗಲೇ ಷೇರು ಇಟ್ಟುಕೊಂಡವರಿಗೇ, ಅವರ ಪಾಲಿಗೆ ತಕ್ಕಷ್ಟು ಹೊಸ ಷೇರು ಕೊಡುತ್ತೇವೆ ಎನ್ನುತ್ತದೆ. ಬೆಲೆ ಮಾರುಕಟ್ಟೆಗಿಂತ ಕಡಿಮೆ. ಇದೇ ರೈಟ್ಸ್ ಇಶ್ಯೂ. ಮಾಮನ ಕಂಪನಿಯದ್ದು ಐದಕ್ಕೆ ಎರಡು. ಅಂದರೆ ಹಳೆಯ ಐದು ಷೇರಿಗೆ ಹೊಸ ಎರಡು, ಒಂದಕ್ಕೆ 170 ರೂಪಾಯಿ. ಆಗ ಮಾರುಕಟ್ಟೆಯಲ್ಲಿ ಷೇರಿನ ಬೆಲೆ 240. ಮಾಮನ ಬಳಿ ಇದ್ದದ್ದು 300 ಷೇರು. ಹಾಗಾಗಿ 120 ಹೊಸ ಷೇರು ತೆಗೆದುಕೊಳ್ಳುವ ಹಕ್ಕು ಅವರದ್ದಾಯಿತು.

ಈ ಹಕ್ಕು ಯಾರಿಗೆ ಅನ್ನುವುದನ್ನು ಒಂದು ದಿನ ಗೊತ್ತುಮಾಡುತ್ತದೆ. ಅದು ರೆಕಾರ್ಡ್ ಡೇಟ್. ನಮ್ಮಲ್ಲಿ ಈಗ ಷೇರು ಕೊಂಡ ಮಾರನೇ ವ್ಯವಹಾರದ ದಿನವೇ ಖಾತೆಗೆ ಬರುತ್ತದೆ. ಆದ್ದರಿಂದ ರೆಕಾರ್ಡ್ ಡೇಟ್‌ನ ಹಿಂದಿನ ದಿನದವರೆಗೆ ಕೊಂಡವರಿಗೆ ಹಕ್ಕು ಉಂಟು, ರೆಕಾರ್ಡ್ ಡೇಟ್ ದಿನ ಕೊಂಡವರಿಗೆ ಇಲ್ಲ. ಹಕ್ಕು ಕಳಚಿಕೊಂಡು ವ್ಯವಹಾರ ಶುರುವಾಗುವ ಆ ದಿನವನ್ನು ಎಕ್ಸ್-ರೈಟ್ಸ್ ದಿನ ಎನ್ನುತ್ತೇವೆ. ಹಿಂದಿನ ದಿನ 240 ಕೊಟ್ಟವನಿಗೆ ಷೇರೂ ಸಿಕ್ಕಿತು, ಹಕ್ಕೂ ಸಿಕ್ಕಿತು. ಇವತ್ತು ಕೊಳ್ಳುವವನಿಗೆ ಬರೀ ಷೇರು. ಅವನು ಅಷ್ಟೇ ದುಡ್ಡು ಯಾಕೆ ಕೊಡುತ್ತಾನೆ? ಕೊಡುವುದಿಲ್ಲ. ಎಷ್ಟು ಕಡಿಮೆ ಕೊಟ್ಟರೆ ನ್ಯಾಯ ಅನ್ನುವುದೇ ನಮ್ಮ ಲೆಕ್ಕ.

ಮಾಮನಿಗೆ ಕಾಫಿಪುಡಿಯ ಉದಾಹರಣೆ ಹೇಳಿದೆ. ಕಿಲೋಗೆ 240ರ ಪುಡಿ ಐದು ಕಿಲೋ ಇದೆ. ಅದಕ್ಕೆ 170ರ ಪುಡಿ ಎರಡು ಕಿಲೋ ಸುರಿದು ಬೆರೆಸಿದಿರಿ ಅಂತಿಟ್ಟುಕೊಳ್ಳಿ. ಈಗ ಡಬ್ಬದಲ್ಲಿರುವ ಏಳು ಕಿಲೋ ನಿಮಗೆ ಕಿಲೋಗೆ ಎಷ್ಟು ಬಿತ್ತು?

ಅವರು ಗಲ್ಲೆಯ ಮನುಷ್ಯ. ಪೆನ್ನು ಮುಟ್ಟದೆ ಹೇಳಿದರು. ಐದು ಕಿಲೋಗೆ 1,200, ಎರಡು ಕಿಲೋಗೆ 340, ಒಟ್ಟು 1,540, ಏಳರಿಂದ ಭಾಗಿಸಿದರೆ 220.

(5 × 240 + 2 × 170) ÷ 7 = 220

ಲೆಕ್ಕ ಇಷ್ಟೇ. ಪುಸ್ತಕದಲ್ಲಿ ಇದಕ್ಕೆ ಥಿಯರೆಟಿಕಲ್ ಎಕ್ಸ್-ರೈಟ್ಸ್ ಪ್ರೈಸ್ ಎಂಬ ಉದ್ದ ಹೆಸರಿದೆ, ಬಾಯಲ್ಲಿ ನಾವು ಟರ್ಪ್ ಎನ್ನುತ್ತೇವೆ. ಕಾಫಿಪುಡಿಯ ಹಾಗೆಯೇ ಬೆರೆತ ಮೇಲೆ ಹಳೆಯ ಷೇರು ಯಾವುದು, ಹೊಸದು ಯಾವುದು ಎಂದು ಬೇರೆ ಮಾಡಲು ಬರುವುದಿಲ್ಲ. ಎಲ್ಲಕ್ಕೂ ಒಂದೇ ಬೆಲೆ. ಇಲ್ಲಿ ಕೆಲವರು 240 ಮತ್ತು 170 ಕೂಡಿಸಿ ಎರಡರಿಂದ ಭಾಗಿಸಿ 205 ಎನ್ನುತ್ತಾರೆ. ಅದು ತಪ್ಪು. ಹಳೆಯದು ಐದು, ಹೊಸದು ಎರಡೇ. ಹಾಗಾಗಿ ಬೆಲೆ 240ರ ಕಡೆಗೇ ಜಾಸ್ತಿ ವಾಲುತ್ತದೆ.

ಅದೇ ಕಾರಣಕ್ಕೆ ಹೊಸ ಷೇರು ಕಡಿಮೆ ಇದ್ದರೆ ಇಳಿತವೂ ಸಣ್ಣದು. 2020ರಲ್ಲಿ ರಿಲಯನ್ಸ್ 53 ಸಾವಿರ ಕೋಟಿ ರೂಪಾಯಿಗೂ ದೊಡ್ಡ ರೈಟ್ಸ್ ಇಶ್ಯೂ ತಂದಿತ್ತು. ಹದಿನೈದಕ್ಕೆ ಒಂದು, ಬೆಲೆ 1,257. ಸುಮ್ನೆ ಲೆಕ್ಕಕ್ಕೆ ಮಾರುಕಟ್ಟೆ ಬೆಲೆ 1,457 ಅಂತ ಹಿಡಿಯೋಣ. ರಿಯಾಯಿತಿ 200 ರೂಪಾಯಿ, ಆದರೆ ಟರ್ಪ್ 1,444.50. ಇಳಿಯಬೇಕಾದದ್ದು ಬರೀ ಹನ್ನೆರಡೂವರೆ ರೂಪಾಯಿ. ಆ 200 ರೂಪಾಯಿ ಹದಿನಾರು ಷೇರಿನ ಮೇಲೆ ಹಂಚಿಹೋಗುತ್ತದೆ, ಅಷ್ಟೆ.

ಮಾಮನ ವಿಷಯಕ್ಕೆ ಬರುತ್ತೇನೆ. ಷೇರು 240ರಿಂದ 220ಕ್ಕೆ ಇಳಿದರೆ ಅವರ 300 ಷೇರಿನ ಬೆಲೆ 72,000ದಿಂದ 66,000ಕ್ಕೆ ಬರುತ್ತದೆ. ಆ 6,000 ಎಲ್ಲಿ ಹೋಯಿತು? ಹಕ್ಕಿನೊಳಗೆ ಹೋಯಿತು. 220 ಬಾಳುವ ಷೇರನ್ನು 170ಕ್ಕೆ ಕೊಳ್ಳುವ ಹಕ್ಕು ಅಂದರೆ ಒಂದಕ್ಕೆ 50 ರೂಪಾಯಿ. ಅಂಥ ಹಕ್ಕು 120. ಒಟ್ಟು ಅದೇ 6,000.

ಈಗ ಅವರ ಮುಂದೆ ಮೂರು ದಾರಿ. ಒಂದು, 120 ಷೇರಿಗೂ ಅರ್ಜಿ ಹಾಕಿ 20,400 ಕಟ್ಟುವುದು. ಆಗ 220ರ ಲೆಕ್ಕದಲ್ಲಿ 420 ಷೇರಿಗೆ 92,400. ಮೊದಲಿದ್ದ 72,000ಕ್ಕೆ ಕಟ್ಟಿದ 20,400 ಸೇರಿತು, ಲಾಭವೂ ಇಲ್ಲ, ನಷ್ಟವೂ ಇಲ್ಲ. ‘ಒಂದಕ್ಕೆ 70 ರೂಪಾಯಿ ಉಳೀತು’ ಎಂದು ಖುಷಿಪಡುವವರು ತಮ್ಮ ಹಳೆಯ ಷೇರು ಇಳಿದದ್ದನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಎರಡನೆಯದು, ಕಟ್ಟಲು ದುಡ್ಡಿಲ್ಲದಿದ್ದರೆ ಹಕ್ಕನ್ನು ಮಾರುವುದು. 66,000ದ ಷೇರು, ಕೈಗೆ 6,000. ಆಗಲೂ 72,000. ಮೂರನೆಯದು, ಏನೂ ಮಾಡದೆ ಸುಮ್ಮನಿರುವುದು. ಆಗ ಉಳಿಯುವುದು 66,000 ಮಾತ್ರ. ಮಾಮ ಗೊತ್ತಿಲ್ಲದೆ ಹಿಡಿದದ್ದು ಈ ಮೂರನೇ ದಾರಿ.

ಅವರನ್ನು ದೂರುವ ಹಾಗಿಲ್ಲ. ಷೇರಿನ ಬೆಲೆ ಎಕ್ಸ್-ರೈಟ್ಸ್ ದಿನ ಬೆಳಿಗ್ಗೆಯೇ ಇಳಿಯುತ್ತದೆ. ಹಕ್ಕು ಡಿಮ್ಯಾಟ್ ಖಾತೆಗೆ ಬರುವುದು ಆಮೇಲೆ, ಇಶ್ಯೂ ತೆರೆಯುವ ಮೊದಲು. ನಡುವಿನ ದಿನಗಳಲ್ಲಿ ಖಾತೆ ನೋಡಿದರೆ ಬರೀ ನಷ್ಟವೇ ಕಾಣುತ್ತದೆ, ಅದರ ಬದಲಿಗೆ ಬರಬೇಕಾದದ್ದು ಎಲ್ಲೂ ಕಾಣುವುದಿಲ್ಲ. ಎಷ್ಟೋ ಜನ ಆ ದಿನಗಳಲ್ಲೇ ಗಾಬರಿಯಾಗಿ ಷೇರು ಮಾರುತ್ತಾರೆ. ಹಾಗೆ ಮಾರಿದರೂ ಹಕ್ಕು ನಿಮ್ಮದೇ, ಯಾಕೆಂದರೆ ರೆಕಾರ್ಡ್ ಡೇಟ್ ದಿನ ನಿಮ್ಮ ಹೆಸರಿತ್ತು. ಅದು ಬಂದಾಗ ನೋಡಿಕೊಳ್ಳಬೇಕು.

ಮೊದಲೆಲ್ಲ ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಡಲು ಕಾಗದದ ಫಾರ್ಮ್ ತುಂಬಬೇಕಿತ್ತು. 2020ರಿಂದ ಷೇರುಪೇಟೆಯ ನಿಯಂತ್ರಕ ಸೆಬಿ ಅದನ್ನು ಡಿಮ್ಯಾಟ್‌ಗೆ ತಂದಿದೆ. ರೈಟ್ಸ್ ಎಂಟೈಟಲ್‌ಮೆಂಟ್, ಅಂದರೆ ಆರ್‌ಇ, ಐಸಿನ್ ಎಂಬ ಬೇರೆಯೇ ಗುರುತಿನ ನಂಬರಿನೊಂದಿಗೆ ಖಾತೆಗೆ ಬರುತ್ತದೆ. ಷೇರಿನ ಹಾಗೆಯೇ ಎಕ್ಸ್‌ಚೇಂಜಿನಲ್ಲಿ ಮಾರಬಹುದು. ಆದರೆ ಮಾರುವ ಬಾಗಿಲು ಇಶ್ಯೂ ಮುಗಿಯುವುದಕ್ಕೆ ಕೆಲವು ದಿನ ಮೊದಲೇ ಮುಚ್ಚುತ್ತದೆ. ಕೊನೇ ದಿನ ಮಾರೋಣ ಎಂದು ಕೂತರೆ ಆಗುವುದಿಲ್ಲ. ಆಮೇಲೆ ಮುಖ್ಯವಾಗಿ ಉಳಿಯುವುದು ಅಸ್ಬಾ ಮೂಲಕ, ಅಂದರೆ ದುಡ್ಡನ್ನು ನಮ್ಮ ಬ್ಯಾಂಕ್ ಖಾತೆಯಲ್ಲೇ ತಡೆದಿಡುವ ವ್ಯವಸ್ಥೆಯಲ್ಲಿ, ಅರ್ಜಿ ಹಾಕುವ ದಾರಿ. ಇಶ್ಯೂ ಮುಗಿಯುವಷ್ಟರಲ್ಲಿ ಅದನ್ನೂ ಮಾಡದಿದ್ದರೆ ಆರ್‌ಇ ಸತ್ತಂತೆ.

ಹೊಸದಾಗಿ ಆರ್‌ಇ ಕೊಳ್ಳುವವರದು ಇನ್ನೊಂದು ತಪ್ಪು. 220ರ ಷೇರಿನ ಹೆಸರು 50 ರೂಪಾಯಿಗೆ ಕಂಡರೆ ‘ಇಷ್ಟು ಅಗ್ಗವಾ’ ಎಂದು ಕೊಂಡುಬಿಡುತ್ತಾರೆ. ಅವರು ಕೊಂಡದ್ದು ಷೇರಲ್ಲ, 170 ಕಟ್ಟಿ ಷೇರು ಪಡೆಯುವ ಚೀಟಿ. ಅರ್ಜಿ ಹಾಕಿ ಆ 170 ಕಟ್ಟದಿದ್ದರೆ ಕೊಟ್ಟ 50 ಪೂರ್ತಿ ಹೋಗುತ್ತದೆ.

ಟರ್ಪ್ ಅನ್ನುವುದು ಭವಿಷ್ಯವಾಣಿಯಲ್ಲ ಅಂತಲೂ ಮಾಮನಿಗೆ ಹೇಳಿದೆ. ಎಲ್ಲ ಹೊಸ ಷೇರೂ ಮಾರಾಟವಾಗುತ್ತದೆ, ಬಂದ ಒಂದು ರೂಪಾಯಿ ಕಂಪನಿಯಲ್ಲಿ ಒಂದು ರೂಪಾಯಿಯಾಗಿಯೇ ಉಳಿಯುತ್ತದೆ ಎಂದು ಹಿಡಿದು ಮಾಡಿದ ಲೆಕ್ಕ ಅದು. ಹೊಸ ಕಾರ್ಖಾನೆಗೆ ದುಡ್ಡು ಎತ್ತುವ ಕಂಪನಿಯನ್ನು ಮಾರುಕಟ್ಟೆ ಒಂದು ರೀತಿ ನೋಡುತ್ತದೆ, ಹಳೆಯ ಸಾಲ ತೀರಿಸಲು ಎತ್ತುವವರನ್ನು ಇನ್ನೊಂದು ರೀತಿ. ಅದಕ್ಕೇ ಆ ದಿನದ ಬೆಲೆಯನ್ನು ಹಿಂದಿನ ದಿನದ ಬೆಲೆಗಲ್ಲ, ಟರ್ಪ್‌ಗೆ ಹೋಲಿಸಬೇಕು. ಮಾಮನ ಷೇರು ಎಕ್ಸ್-ರೈಟ್ಸ್ ದಿನ 216ಕ್ಕೆ ಮುಗಿದಿತ್ತು. 240ರಿಂದ ನೋಡಿದರೆ 24 ರೂಪಾಯಿ, ಅಂದರೆ ನೂರಕ್ಕೆ ಹತ್ತು ಬಿದ್ದ ಹಾಗೆ ಕಾಣುತ್ತದೆ. ಅದರಲ್ಲಿ 20 ಬರೀ ಹಕ್ಕು ಕಳಚಿದ್ದು. ನಿಜವಾಗಿ ಬಿದ್ದದ್ದು 4 ರೂಪಾಯಿ, ನೂರಕ್ಕೆ ಎರಡಕ್ಕಿಂತ ಕಡಿಮೆ. ಆಮೇಲೂ ಬೆಲೆ ಅದರ ಆಸುಪಾಸಿನಲ್ಲೇ ಇತ್ತು. 216ರಲ್ಲಿ 170 ಕಳೆದರೆ ಆರ್‌ಇಗೆ 46. ಮಾಮ ಕಳೆದುಕೊಂಡದ್ದು 5,520 ಎಂದು ನಾನು ಬರೆದುಕೊಂಡದ್ದು ಹೀಗೆ.

ಮಾರಿದ್ದರೆ ತೆರಿಗೆಯೂ ಇತ್ತು. ಹಕ್ಕಿಗೆ ನಾವು ಕೊಟ್ಟ ಬೆಲೆ ಸೊನ್ನೆ, ಆದ್ದರಿಂದ ಬಂದದ್ದೆಲ್ಲ ಲಾಭವೇ, ಅದೂ ಅಲ್ಪಾವಧಿಯದ್ದು.

ಎರಡು ವರ್ಷದ ನಂತರ ಮಾಮ ಫೋನ್ ಮಾಡಿದರು. ಅವರ ಇನ್ನೊಂದು ಕಂಪನಿ ನಾಲ್ಕಕ್ಕೆ ಒಂದರಂತೆ 150 ರೂಪಾಯಿಗೆ ರೈಟ್ಸ್ ತಂದಿತ್ತು. ಹಕ್ಕು ಕಳಚುವ ಮೊದಲು ಬೆಲೆ 180. ಟರ್ಪ್ 174 ಎಂದು ಅವರೇ ಲೆಕ್ಕ ಮಾಡಿಟ್ಟಿದ್ದರು. ಆದರೆ ಇಶ್ಯೂ ನಡೆಯುತ್ತಿದ್ದಾಗಲೇ ಷೇರು 140ಕ್ಕೆ ಬಿದ್ದಿತ್ತು.

‘ಆರ್‌ಇಯನ್ನು ಯಾರೂ ಕೇಳುವವರಿಲ್ಲ. ಈ ಸಲ ಬಿಡ್ಬಾರ್ದು ಅಂತ ಅರ್ಜಿ ಹಾಕಿಬಿಡ್ಲಾ?’ ಎಂದರು.

‘ಅಂಗಡಿಯಲ್ಲಿ 140ಕ್ಕೆ ಸಿಗೋದನ್ನ ನೀವು 150 ಕೊಟ್ಟು ಯಾಕೆ ತಗೊಳ್ತೀರಿ ಮಾಮ?’ ಎಂದೆ.

ಸ್ವಲ್ಪ ಹೊತ್ತು ಆ ಕಡೆ ಮಾತಿಲ್ಲ. ಆಮೇಲೆ, ‘ಹೌದಲ್ವಾ, ಬೇಕಾದ್ರೆ ಮಾರ್ಕೆಟ್‌ನಲ್ಲೇ ತಗೊಂಡ್ರಾಯ್ತು’ ಎಂದರು. ಆ ಆರ್‌ಇಯೂ ಹಾಗೇ ಹೋಯಿತು. ಮುಂದಿನ ಜೂನ್‌ನಲ್ಲಿ ಸ್ಟೇಟ್‌ಮೆಂಟಿನ ಆ ಸಾಲಿನ ಪಕ್ಕ ಅವರೇ ಪೆನ್ಸಿಲ್‌ನಲ್ಲಿ ‘ಬೇಕಂತಲೇ ಬಿಟ್ಟದ್ದು’ ಎಂದು ಬರೆದು ತಂದಿದ್ದರು.